ಸುಪ್ರೀಂ ಕೋರ್ಟ್ ವಜಾ ಮಾಡಿದರೆ ಹೈಕೋರ್ಟ್ ಆದೇಶ ಏನಾಗುತ್ತದೆ?

‘ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್.’ ಇಂಥ ತಲೆಬರಹ ನೋಡಿದಾಗಲೆಲ್ಲ ನಾನು ಕೆಳಗಿನ ಸುದ್ದಿಯಲ್ಲಿ ಒಂದು ಪದ ಹುಡುಕುತ್ತೇನೆ. ವಜಾ ಆಗಿದ್ದು ಮೇಲ್ಮನವಿಯೋ, ವಿಶೇಷ ಅನುಮತಿ ಅರ್ಜಿಯೋ? ಎರಡನೆಯದಾಗಿದ್ದರೆ ತಲೆಬರಹ ತಪ್ಪು. ಅನುಮತಿ ಅರ್ಜಿ ವಜಾ ಆದಾಗ ಸುಪ್ರೀಂ ಕೋರ್ಟ್ ಏನನ್ನೂ ಎತ್ತಿಹಿಡಿದಿರುವುದಿಲ್ಲ. ಈ ವ್ಯತ್ಯಾಸ ಏಕೆ ಮುಖ್ಯ ಅಂತ ತಿಳಿಯಬೇಕಾದರೆ ‘ವಿಲೀನ ಸಿದ್ಧಾಂತ’ ಅರ್ಥವಾಗಬೇಕು. ನನಗೆ ಕಾನೂನಿನಲ್ಲಿ ತುಂಬಾ ಇಷ್ಟವಾದ ವಿಚಾರಗಳಲ್ಲಿ ಇದೊಂದು.

ವಿಚಾರ ಸರಳ. ಒಂದೇ ವ್ಯಾಜ್ಯಕ್ಕೆ ಒಂದೇ ಹೊತ್ತಿಗೆ ಜಾರಿಯಲ್ಲಿರುವ ಎರಡು ಆದೇಶಗಳು ಇರಬಾರದು. ಕೆಳ ನ್ಯಾಯಾಲಯ ಡಿಕ್ರಿ, ಅಂದರೆ ವ್ಯಾಜ್ಯವನ್ನು ತೀರ್ಮಾನಿಸುವ ಆದೇಶ ಕೊಟ್ಟಿತು, ಸೋತವರು ಮೇಲ್ಮನವಿ ಹಾಕಿದರು, ಮೇಲಿನ ನ್ಯಾಯಾಲಯ ಕೇಳಿ ತೀರ್ಪು ಕೊಟ್ಟಿತು. ಆ ಕ್ಷಣದಿಂದ ಕೆಳಗಿನ ಡಿಕ್ರಿ ಮೇಲಿನದರಲ್ಲಿ ಕರಗಿಹೋಗುತ್ತದೆ. ಮೇಲಿನವರು ಅದನ್ನು ರದ್ದು ಮಾಡಿದರೂ ಸರಿ, ತಿದ್ದಿದರೂ ಸರಿ, ಒಂದಕ್ಷರ ಬದಲಿಸದೆ ಒಪ್ಪಿದರೂ ಸರಿ.

ಜನ ಎಡವುವುದು ಈ ಕೊನೆಯ ಮಾತಿನಲ್ಲೇ. ‘ಒಪ್ಪಿಕೊಂಡರು ಅಂದಮೇಲೆ ಹಳೆಯದೇ ಉಳಿಯಿತು ಅಲ್ವಾ?’ ಅಂತ ಕೇಳುತ್ತಾರೆ. ಇಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯಲ್ಲಿ ಇರುವುದು ಮೊಸರು. ಅಳತೆ ಅಷ್ಟೇ ಇರಬಹುದು, ಪಾತ್ರೆಯೂ ಅದೇ ಇರಬಹುದು. ಹಾಲು ಮಾತ್ರ ಇಲ್ಲ. ತೊರೆ ಹೊಳೆಗೆ ಸೇರಿದ ಮೇಲೆ ತೊರೆಯ ನೀರನ್ನಷ್ಟೇ ಮೊಗೆದು ಕೊಡಿ ಅಂದರೂ ಆಗುವುದಿಲ್ಲ. ಹಾಗೆಯೇ ಮೇಲ್ಮನವಿ ತೀರ್ಮಾನವಾದ ಮೇಲೆ ಕೆಳಗಿನ ಡಿಕ್ರಿಯನ್ನಷ್ಟೇ ಹಿಡಿದು ‘ಇದನ್ನು ರದ್ದು ಮಾಡಿ’ ಎಂದು ಕೇಳಿದರೆ ಉಪಯೋಗವಿಲ್ಲ. ಪ್ರಶ್ನಿಸಬೇಕಾದದ್ದು ಈಗ ಜೀವಂತವಾಗಿರುವ ಆದೇಶವನ್ನು, ಅಂದರೆ ಮೇಲಿನದನ್ನು.

ಇದರ ಪರಿಣಾಮ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಕಾಲಮಿತಿಯಲ್ಲಿ. ಡಿಕ್ರಿಯ ಅಮಲ್ಜಾರಿಗೆ, ಅಂದರೆ ಅದನ್ನು ಜಾರಿ ಮಾಡಿಸಿಕೊಳ್ಳಲು, 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ 12 ವರ್ಷ ಕೊಡುತ್ತದೆ. ಒಂದು ಉದಾಹರಣೆ ಕಟ್ಟೋಣ. ಜಮೀನಿನ ಸ್ವಾಧೀನ ಬಿಟ್ಟುಕೊಡಬೇಕು ಎಂದು 2005ರ ಜನವರಿಯಲ್ಲಿ ವಾದಿಯ ಪರ ಡಿಕ್ರಿ ಆಯಿತು. ಪ್ರತಿವಾದಿ ಅವಧಿಯೊಳಗೆ ಮೇಲ್ಮನವಿ ಹಾಕಿದರು. ತಡೆಯಾಜ್ಞೆ ಸಿಗಲಿಲ್ಲ. ಎರಡೂ ಕಡೆ ಕೇಳಿ 2013ರ ಮಾರ್ಚ್‌ನಲ್ಲಿ ಮೇಲ್ಮನವಿ ವಜಾ ಆಯಿತು. ವಾದಿ ಅಮಲ್ಜಾರಿ ಅರ್ಜಿ ಹಾಕಿದ್ದು 2020ರಲ್ಲಿ. ಹಳೆಯ ಡಿಕ್ರಿಯಿಂದ ಎಣಿಸಿದರೆ ಗಡುವು 2017ರ ಜನವರಿಗೇ ಮುಗಿದಿದೆ. ಆದರೆ ಆ ಡಿಕ್ರಿ ಮೇಲಿನದರಲ್ಲಿ ವಿಲೀನವಾಗಿದೆ. ಹಾಗಾಗಿ ಎಣಿಕೆ ಶುರುವಾಗುವುದು 2013ರಿಂದ, ಗಡುವು 2025ರ ಮಾರ್ಚ್‌ವರೆಗೆ. ಅರ್ಜಿ ಉಳಿಯುತ್ತದೆ. ತಡೆಯಾಜ್ಞೆ ಇರಲಿಲ್ಲವಲ್ಲ, ಮೊದಲೇ ಜಾರಿ ಮಾಡಿಸಬಹುದಿತ್ತಲ್ಲ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. 2004ರಲ್ಲಿ ಚಂಡಿ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು.

ಈಗ ಒಂದೇ ಒಂದು ಸಂಗತಿ ಬದಲಿಸಿ. ಪ್ರತಿವಾದಿ ಎರಡು ವರ್ಷ ತಡವಾಗಿ ಬಂದರು. ಜೊತೆಗೆ ವಿಳಂಬ ಮನ್ನಾ ಅರ್ಜಿ ಹಾಕಿದರು. ಅದು ವರ್ಷಗಟ್ಟಲೆ ಬಾಕಿ ಇದ್ದು, 2013ರಲ್ಲಿ ತಿರಸ್ಕೃತವಾಯಿತು, ಅದರೊಂದಿಗೇ ಮೇಲ್ಮನವಿಯೂ ಹೋಯಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಮೇಲ್ಮನವಿ ವಜಾ, 2013. ಆದರೆ ಎರಡನೆಯದರಲ್ಲಿ ಮೇಲಿನ ನ್ಯಾಯಾಲಯ ವ್ಯಾಜ್ಯದ ಹೂರಣಕ್ಕೆ ಕೈಯನ್ನೇ ಹಾಕಿಲ್ಲ. ಹೆಪ್ಪು ಬಿದ್ದಿಲ್ಲ, ಹಾಲು ಹಾಲಾಗಿಯೇ ಇದೆ. ಅಂಥ ತಿರಸ್ಕಾರ ಡಿಕ್ರಿಯೇ ಅಲ್ಲ ಎಂದು ರತನ್ ಸಿಂಗ್ ವಿರುದ್ಧ ವಿಜಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಆದ್ದರಿಂದ ಗಡಿಯಾರ 2005ರಿಂದಲೇ ಓಡಿದೆ. ‘ಮೇಲಿನ ಕೇಸು ಮುಗಿಯಲಿ’ ಎಂದು ಸುಮ್ನೆ ಕಾದ ವಾದಿ, ಗೆದ್ದೂ ಕೈ ಖಾಲಿ ಮಾಡಿಕೊಂಡರು. ಗೆದ್ದವರ ಪರ ವಕೀಲರು ಮೊದಲು ನೋಡಬೇಕಾದದ್ದು ಎದುರಿನವರ ಮೇಲ್ಮನವಿ ಅವಧಿಯೊಳಗೆ ಬಂದಿದೆಯೇ ಎಂಬುದನ್ನು.

ಇದೇ ತರ್ಕವನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋಗೋಣ. ಸಂವಿಧಾನದ 136ನೇ ವಿಧಿಯ ದಾರಿಗೆ ಎರಡು ಹಂತ. ಮೊದಲು ‘ಮೇಲ್ಮನವಿ ಹಾಕಲು ಅನುಮತಿ ಕೊಡಿ’ ಎಂದು ಕೇಳಬೇಕು. ಕೊಟ್ಟರೆ ಮಾತ್ರ ಅದು ಮೇಲ್ಮನವಿಯಾಗುತ್ತದೆ. ಅರ್ಜಿ ವಜಾ ಆಯಿತು ಅಂದರೆ ಅನುಮತಿ ಸಿಗಲಿಲ್ಲ ಅಂತ ಅರ್ಥ, ಅಷ್ಟೇ. ಬಾಗಿಲೇ ತೆರೆಯದ ಮನೆಯವರು ನಿಮ್ಮ ಅಹವಾಲು ಕೇಳಿ ತಳ್ಳಿಹಾಕಿದರು ಅನ್ನಲು ಬರುತ್ತದೆಯೇ? ಅನುಮತಿ ಕೊಡದಿರಲು ಕಾರಣ ಬೇರೆಯೇ ಇರಬಹುದು. ತಡವಾಗಿರಬಹುದು, ಬೇರೆ ದಾರಿ ಬಾಕಿ ಇರಬಹುದು, ಸುಪ್ರೀಂ ಕೋರ್ಟ್ ನೋಡುವಷ್ಟು ದೊಡ್ಡ ಪ್ರಶ್ನೆ ಇಲ್ಲದಿರಬಹುದು.

ಇದು ಇತ್ಯರ್ಥವಾದದ್ದು ಕೇರಳದ ಒಂದು ಅರಣ್ಯ ಜಮೀನಿನ ಕೇಸಿನಲ್ಲಿ. 1971ರ ಕೇರಳ ಕಾಯ್ದೆಯ ಪ್ರಕಾರ ಖಾಸಗಿ ಅರಣ್ಯಗಳು ಸರ್ಕಾರಕ್ಕೆ ಸೇರಿದ್ದವು. ಈ ಜಮೀನು ಹಾಗೆ ಸೇರಿಲ್ಲ ಎಂದು ಅರಣ್ಯ ನ್ಯಾಯಮಂಡಳಿ ಹೇಳಿತು, ಹೈಕೋರ್ಟ್ 1982ರಲ್ಲಿ ಸರ್ಕಾರದ ಮೇಲ್ಮನವಿ ವಜಾ ಮಾಡಿತು. ಸರ್ಕಾರದ ವಿಶೇಷ ಅನುಮತಿ ಅರ್ಜಿ 1983ರಲ್ಲಿ ವಜಾ ಆಯಿತು. ಆಮೇಲೆ ಸರ್ಕಾರ ಮತ್ತೆ ಹೈಕೋರ್ಟಿಗೇ ಹೋಗಿ ತೀರ್ಪು ಮರುಪರಿಶೀಲಿಸಿ ಅಂದಿತು. ‘ಸುಪ್ರೀಂ ಕೋರ್ಟೇ ವಜಾ ಮಾಡಿದ ಮೇಲೆ ಹೈಕೋರ್ಟಿಗೆ ಏನು ಅಧಿಕಾರ?’ ಎಂದು ಎದುರು ಪಕ್ಷದವರು ಆಕ್ಷೇಪಿಸಿದರು. 2000ನೇ ಇಸವಿಯಲ್ಲಿ ಕುಂಞಮ್ಮದ್ ಪ್ರಕರಣ ಎಂದೇ ಹೆಸರಾದ ಈ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು: ಅನುಮತಿಯನ್ನೇ ಕೊಟ್ಟಿಲ್ಲ, ಆದ್ದರಿಂದ ವಿಲೀನ ಆಗಿಲ್ಲ. ಹೈಕೋರ್ಟ್ ತೀರ್ಪು ಹೈಕೋರ್ಟಿನದ್ದಾಗಿಯೇ ಉಳಿದಿದೆ. ಅದನ್ನು ಅದು ಮರುಪರಿಶೀಲಿಸಬಹುದು.

ಅನುಮತಿ ಸಿಕ್ಕಿದ ಮೇಲೆ ಈ ದಾರಿ ಮುಚ್ಚುತ್ತದೆ. ಬಳಿಕ ಸುಪ್ರೀಂ ಕೋರ್ಟ್ ಒಂದೇ ಸಾಲಿನಲ್ಲಿ ಮೇಲ್ಮನವಿ ವಜಾ ಮಾಡಿದರೂ ವಿಲೀನ ಆಗುತ್ತದೆ.

ಒಂದು ಮಧ್ಯದ ಸ್ಥಿತಿಯೂ ಇದೆ. ಅನುಮತಿ ನಿರಾಕರಿಸುವಾಗಲೇ ಸುಪ್ರೀಂ ಕೋರ್ಟ್ ಕಾರಣ ಬರೆದರೆ? ಆಗಲೂ ವಿಲೀನ ಇಲ್ಲ. ಆದರೆ ಆ ಕಾರಣಗಳಲ್ಲಿ ಕಾನೂನಿನ ಘೋಷಣೆ ಇದ್ದರೆ 141ನೇ ವಿಧಿಯಂತೆ ಅದು ಎಲ್ಲರನ್ನೂ ಕಟ್ಟುತ್ತದೆ. ಉಳಿದ ತೀರ್ಮಾನಗಳು ಆ ಕಕ್ಷಿದಾರರನ್ನು ಕಟ್ಟುತ್ತವೆ. ಮರುಪರಿಶೀಲನೆಗೆ ಕೂತ ಹೈಕೋರ್ಟ್ ಅದಕ್ಕೆ ವಿರುದ್ಧ ಹೋಗುವಂತಿಲ್ಲ.

1998ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅನುಮತಿ ಅರ್ಜಿ ವಜಾ ಆದ ಮೇಲೆ ಹೈಕೋರ್ಟ್ ಮರುಪರಿಶೀಲನೆ ನಡೆಸಿದ್ದನ್ನು ಕಟುವಾಗಿ ಟೀಕಿಸಿತ್ತು. ಹಾಗಾಗಿ ಗೊಂದಲ ವರ್ಷಗಟ್ಟಲೆ ಉಳಿಯಿತು. ಕೊನೆಗೆ ಅದನ್ನು ಬಿಡಿಸಿದ್ದು ನಮ್ಮ ಕೊಳ್ಳೇಗಾಲದ ಕೇಸು ಅನ್ನುವುದು ನನಗೆ ಖುಷಿಯ ವಿಷಯ. ಖೋಡೆ ಡಿಸ್ಟಿಲರೀಸ್ ಮತ್ತು ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ನಡುವಿನ ಆ ವ್ಯಾಜ್ಯದಲ್ಲಿ, 2019ರ ಮಾರ್ಚ್ 1ರಂದು, ಮೂವರು ನ್ಯಾಯಮೂರ್ತಿಗಳು ಕುಂಞಮ್ಮದ್ ತೀರ್ಪೇ ಸರಿ ಎಂದರು.

ವಿಲೀನಕ್ಕೂ ಮಿತಿ ಇದೆ. ಮೇಲಿನವರ ಮುಂದೆ ಯಾವ ವಿಷಯ ಹೋಗಿತ್ತೋ ಅದಷ್ಟೇ ಕರಗುತ್ತದೆ. ಮಧುರೈ ಮಿಲ್ಸ್ ಪ್ರಕರಣದಲ್ಲಿ ಗಿರಣಿಯವರು ಮಾರಾಟ ತೆರಿಗೆಯ ಒಂದು ಅಂಶವನ್ನಷ್ಟೇ ಮೇಲಧಿಕಾರಿಯ ಮುಂದೆ ಒಯ್ದಿದ್ದರು. ಆಮೇಲೆ ಇಲಾಖೆ ಬೇರೊಂದು ಅಂಶವನ್ನು ಕೆದಕಲು ಹೊರಟಿತು. ನಾಲ್ಕು ವರ್ಷದ ಗಡುವನ್ನು ಮೇಲಧಿಕಾರಿಯ ಆದೇಶದ ದಿನದಿಂದ ಎಣಿಸಬೇಕು ಎಂದು ವಾದಿಸಿತು. ಆ ಅಂಶ ಮೇಲಕ್ಕೆ ಹೋಗಿಯೇ ಇರಲಿಲ್ಲ, ಆದ್ದರಿಂದ ವಿಲೀನವೂ ಆಗಿಲ್ಲ ಎಂದು ಸುಪ್ರೀಂ ಕೋರ್ಟ್ ಇಲಾಖೆಯ ವಾದ ತಳ್ಳಿಹಾಕಿತು.

ನಿಮ್ಮ ಕೈಗೆ ಸುಪ್ರೀಂ ಕೋರ್ಟಿನ ಆದೇಶದ ಪ್ರತಿ ಬಂದರೆ ‘ಲೀವ್ ಗ್ರಾಂಟೆಡ್’, ಅಂದರೆ ಅನುಮತಿ ಕೊಟ್ಟಿದೆ, ಎಂಬ ಎರಡು ಪದ ಹುಡುಕಿ. ಅವು ಇದ್ದು, ಮೇಲ್ಮನವಿಗೆ ಬೇರೆ ಸಂಖ್ಯೆ ಬಿದ್ದು, ಅದು ತೀರ್ಮಾನವಾಗಿದ್ದರೆ ಇನ್ನು ನೀವು ನೋಡಬೇಕಾದದ್ದು ಆ ಆದೇಶವೊಂದನ್ನೇ. ಅವು ಇಲ್ಲದೆ ಅನುಮತಿ ಅರ್ಜಿ ವಜಾ ಎಂದಷ್ಟೇ ಇದ್ದರೆ, ಹೈಕೋರ್ಟಿನ ತೀರ್ಪಿನ ಕಡತವನ್ನು ಇನ್ನೂ ಕಟ್ಟಿಡಬೇಡಿ.