ನಾಳ ಕಟ್ಟಿದ ಮೇಲೆ: ಯಾವಾಗ, ಯಾವ ಬಗೆಯಲ್ಲಿ ಕಟ್ಟಿದರು ಎಂಬುದೇ ಮುಂದಿನ ಕತೆ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ನಡೆದಾಗ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರ ಪೈಕಿ ಶೇ 57ರಷ್ಟು ಮಂದಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಲೆಕ್ಕ ಸೊನ್ನೆಯ ಆಸುಪಾಸಿನಲ್ಲೇ ನಿಂತಿತ್ತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇದಕ್ಕೆ ಸಮೀಕ್ಷೆಯ ಸಾಕ್ಷಿಯೇನೂ ಬೇಕಿಲ್ಲ. ಎರಡನೇ ಹೆರಿಗೆಗೆ ತವರಿಗೆ ಬಂದ ಮಗಳಿಗೆ ಆಪರೇಷನ್ ಮಾಡಿಸಿಯೇ ಗಂಡನ ಮನೆಗೆ ಕಳುಹಿಸುವುದು ಅಲ್ಲಿ ಬಾಣಂತನದ ಒಂದು ಭಾಗವೇ ಆಗಿಹೋಗಿದೆ. ಆಪರೇಷನ್ ಆಯಿತೇ ಎಂದು ಎಲ್ಲರೂ ಕೇಳುತ್ತಾರೆ. ಅಂಡಾಶಯದಿಂದ ಗರ್ಭಕೋಶಕ್ಕೆ ಅಂಡ ಸಾಗುವ ನಾಳವನ್ನು ಕತ್ತರಿಸಿದರೋ, ಅದನ್ನು ಮುಚ್ಚಲು ಉಂಗುರ ಹಾಕಿದರೋ, ಎಷ್ಟು ನಾಳ ಉಳಿಯಿತು ಎಂದು ಕೇಳುವವರನ್ನು ಮಾತ್ರ ನಾನು ಕಂಡಿಲ್ಲ. ಮುಂದೆ ಗರ್ಭ ನಿಂತುಬಿಟ್ಟರೆ, ಅಥವಾ ಮಗು ಮತ್ತೆ ಬೇಕೆನಿಸಿದರೆ, ಉತ್ತರ ಹುಡುಕಬೇಕಾದದ್ದು ಆ ಕೇಳದ ಪ್ರಶ್ನೆಗಳಲ್ಲೇ.

ಈ ಭಾರ ಹೆಂಗಸರ ಮೇಲೆ ಮೊದಲಿನಿಂದಲೂ ಇರಲಿಲ್ಲ. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೇ ಮುಂದೆ ನಿಂತು ಹೀಗೆ ಮಾಡಿದ ಜಗತ್ತಿನ ಮೊದಲ ಪ್ರಯತ್ನಗಳಲ್ಲಿ ಅದನ್ನು ಎಣಿಸುತ್ತಾರೆ. ದೇಶದ ಕುಟುಂಬ ಯೋಜನೆ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಶಿಬಿರವೆಂದರೆ ಹೆಚ್ಚಾಗಿ ಗಂಡಸರ ವ್ಯಾಸೆಕ್ಟಮಿ ಶಿಬಿರ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಾದ್ಯಂತ ಸುಮಾರು 83 ಲಕ್ಷ ಶಸ್ತ್ರಚಿಕಿತ್ಸೆಗಳಾದವು, ಅದರಲ್ಲಿ ಸುಮಾರು 62 ಲಕ್ಷ ಗಂಡಸರವು. ಗುರಿ ತಲುಪಿಸಲು ನಡೆದ ಬಲವಂತಕ್ಕೆ ಮುಂದಿನ ಚುನಾವಣೆಯಲ್ಲಿ ಸರ್ಕಾರ ಬೆಲೆ ತೆತ್ತಿತು. ಆಮೇಲೆ ಯಾವ ಪಕ್ಷವೂ ಗಂಡಸರನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಅದೇ ಹೊತ್ತಿಗೆ ಲ್ಯಾಪ್ರೋಸ್ಕೋಪ್ ಬಂದಿತ್ತು. ಸಣ್ಣ ರಂಧ್ರದ ಮೂಲಕ ನಾಳದ ಮಡಿಕೆಯೊಂದನ್ನು ಎಳೆದು ಸಿಲಿಕೋನ್ ಉಂಗುರ ತೊಡಿಸಿದರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತಿತ್ತು. ಶಿಬಿರಗಳು ಹೆಂಗಸರ ಕಡೆಗೆ ತಿರುಗಿದವು. ಆ ಅವಸರ ಎಲ್ಲಿಗೆ ಮುಟ್ಟಿತೆಂಬುದನ್ನು 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸ್‌ಪುರ ತೋರಿಸಿತು. ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಂದಿಗೆ ಶಸ್ತ್ರಚಿಕಿತ್ಸೆ ನಡೆಯಿತು, ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು.

ಈಗ ಹೆಚ್ಚಿನವರಿಗೆ ಇದು ಹೆರಿಗೆಯ ಬೆನ್ನಿಗೇ ಆಗುತ್ತದೆ. ಕೇಂದ್ರ ಸರ್ಕಾರದ ಮಾನದಂಡದ ಪ್ರಕಾರ ಸಹಜ ಹೆರಿಗೆಯಾದ ಏಳು ದಿನದೊಳಗೆ ಮಾಡಬಹುದು, ಸಿಸೇರಿಯನ್ ಆದರೆ ಅದೇ ಮೇಜಿನ ಮೇಲೆ. ಏಳು ದಿನ ದಾಟಿತೆಂದರೆ ಆರು ವಾರ ತುಂಬುವ ತನಕ ಕಾಯಬೇಕು. ಇದು ಕಚೇರಿಯವರು ಕಟ್ಟಿದ ನಿಯಮವಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಗರ್ಭಕೋಶದ ಮೇಲ್ತುದಿ ಹೊಕ್ಕುಳಿನ ಹತ್ತಿರವಿರುತ್ತದೆ. ಹೊಕ್ಕುಳಿನ ಕೆಳಗೆ ಚಿಕ್ಕದಾಗಿ ಕೊಯ್ದರೆ ನಾಳ ಕೈಗೆ ಸಿಗುತ್ತದೆ. ವಾರ ಕಳೆದಂತೆ ಗರ್ಭಕೋಶ ಕೆಳಗಿಳಿಯುತ್ತದೆ, ಅಂಗಾಂಶ ಇನ್ನೂ ಮೆದುವಾಗಿ, ಹರಿದುಹೋಗುವಂತಿರುತ್ತದೆ, ಸೋಂಕಿನ ಭಯವೂ ಹೆಚ್ಚು. ಆರು ವಾರ ಕಳೆದ ಮೇಲೆ ಮಾಡುವುದಾದರೆ ಮುಟ್ಟು ಶುರುವಾದ ಏಳು ದಿನದೊಳಗೆ ಮಾಡುವುದು ಕ್ಷೇಮ. ಮುಟ್ಟಿನ ಚಕ್ರದ ಎರಡನೇ ಭಾಗದಲ್ಲಿ ಮಾಡಿದರೆ, ಕತ್ತರಿ ಬೀಳುವ ಮೊದಲೇ ಗರ್ಭ ಕಟ್ಟಿರಬಹುದು. ಆಪರೇಷನ್ ವಿಫಲವಾಯಿತು ಎಂದು ಮುಂದೆ ದೂರುವ ಎಷ್ಟೋ ಪ್ರಕರಣಗಳು ನಿಜಕ್ಕೂ ಈ ಬಗೆಯವು.

ಹೆರಿಗೆಯ ಜೊತೆಗೇ ಮುಗಿಸಿಬಿಡುವುದು ಅನುಕೂಲ. ಆದರೆ ಅದಕ್ಕೊಂದು ಅಡಿಬರಹವಿದೆ. ಕೂಸು ಇನ್ನೂ ಎರಡು ದಿನದ್ದು, ಅದರ ಆರೋಗ್ಯ ಹೇಗಿದೆಯೆಂದು ಪೂರ್ತಿ ಗೊತ್ತಾಗಿರುವುದಿಲ್ಲ. ಒಪ್ಪಿಗೆಯನ್ನು ಹೆರಿಗೆ ನೋವಿನ ನಡುವೆ ಪಡೆಯಬಾರದೆಂದು ನಿಯಮವೇ ಹೇಳುತ್ತದೆ, ಗಂಡನ ಸಹಿ ಕಡ್ಡಾಯವಲ್ಲವೆಂದೂ ಹೇಳುತ್ತದೆ. ಎರಡನ್ನೂ ಎಷ್ಟು ಕಡೆ ಪಾಲಿಸುತ್ತಾರೆಂಬುದು ಬೇರೆ ಮಾತು. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಕ್ರೆಸ್ಟ್’ ಎಂಬ ಅಧ್ಯಯನವೊಂದಿದೆ. ಆಪರೇಷನ್ ಹೊತ್ತಿಗೆ 30 ವರ್ಷ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ ಇಪ್ಪತ್ತು ಮಂದಿ 14 ವರ್ಷದೊಳಗೆ ಪಶ್ಚಾತ್ತಾಪ ಹೇಳಿಕೊಂಡರು. 30 ದಾಟಿದವರಲ್ಲಿ ಆ ಸಂಖ್ಯೆ ಆರು. ನಮ್ಮಲ್ಲಿ ಅರ್ಹತೆಯ ವಯಸ್ಸು ಶುರುವಾಗುವುದೇ 22ಕ್ಕೆ. ಹತ್ತು ವರ್ಷ ಬಾಳುವ ಕಾಪರ್-ಟಿ ಗರ್ಭ ತಡೆಯುವುದರಲ್ಲಿ ಈ ಆಪರೇಷನ್‌ಗೆ ಹೆಚ್ಚುಕಡಿಮೆ ಸಮ, ತೆಗೆಸಿದರೆ ಮತ್ತೆ ಗರ್ಭ ನಿಲ್ಲುತ್ತದೆ. 23ರ ಬಾಣಂತಿಗೆ ಮೊದಲು ಹೇಳಬೇಕಾದ ಮಾತು ಇದು ಎಂದೇ ನನ್ನ ಅಭಿಪ್ರಾಯ.

ಇನ್ನು ವೈಫಲ್ಯ. ಸಾವಿರಕ್ಕೆ ಐದು ಎಂದು ವೈದ್ಯರು ಹೇಳುವುದು ಮೊದಲ ಒಂದು ವರ್ಷದ ಲೆಕ್ಕ. ಅಪಾಯ ಅಲ್ಲಿಗೆ ನಿಲ್ಲುವುದಿಲ್ಲ. ಕ್ರೆಸ್ಟ್ ಅಧ್ಯಯನದಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಸಾವಿರಕ್ಕೆ ಸುಮಾರು 18 ಮಂದಿ ಗರ್ಭ ಧರಿಸಿದ್ದರು. ಹೆರಿಗೆಯಾದೊಡನೆ ನಾಳದ ತುಂಡು ಕತ್ತರಿಸಿ ತೆಗೆದವರಲ್ಲಿ ಇದು ಏಳೆಂಟು ಮಾತ್ರ, ಉಂಗುರ ಹಾಕಿಸಿಕೊಂಡವರಲ್ಲಿ ಸುಮಾರು 18. ಚಿಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಿಗೆ ಅಪಾಯ ಹೆಚ್ಚು, ಏಕೆಂದರೆ ಗರ್ಭ ನಿಲ್ಲಬಹುದಾದ ವರ್ಷಗಳು ಅವರಿಗೆ ಇನ್ನೂ ಬಹಳ ಉಳಿದಿರುತ್ತವೆ. ಕಾರಣಗಳು ಕೆಲವು. ಕತ್ತರಿಸಿದ ತುದಿಗಳ ನಡುವೆ ಸಣ್ಣ ದಾರಿ ತಾನಾಗಿ ತೆರೆದುಕೊಳ್ಳಬಹುದು. ಅಥವಾ ನಾಳವೆಂದುಕೊಂಡು ಪಕ್ಕದಲ್ಲಿ ಗರ್ಭಕೋಶವನ್ನು ಹಿಡಿದಿಡುವ ದುಂಡು ಅಸ್ಥಿರಜ್ಜುವಿಗೆ ಉಂಗುರ ಬಿದ್ದಿರಬಹುದು. ಹಾಗಾಗದಿರಲಿ ಎಂದೇ ನಾಳವನ್ನು ಅದರ ಜಾಲರಿಯಂಥ ತುದಿಯವರೆಗೂ ನೋಡಿಕೊಂಡು ಖಚಿತಪಡಿಸಿಕೊಳ್ಳಬೇಕು ಎಂಬ ಕ್ರಮವಿದೆ. ಹರಿಯಾಣದ ಒಂದು ಪ್ರಕರಣದಲ್ಲಿ ಬಲಗಡೆಯ ನಾಳವನ್ನಷ್ಟೇ ಮುಚ್ಚಿ ಎಡಗಡೆಯದನ್ನು ಮುಟ್ಟದೆ ಬಿಟ್ಟಿದ್ದರು. 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿರ್ಲಕ್ಷ್ಯವೆಂದು ಎತ್ತಿಹಿಡಿಯಿತು. 2005ರ ಇನ್ನೊಂದು ತೀರ್ಪಿನಲ್ಲಿ, ಗರ್ಭ ನಿಂತ ಮಾತ್ರಕ್ಕೇ ವೈದ್ಯರ ತಪ್ಪೆನ್ನಲಾಗದು ಎಂದಿತು. ಎರಡೂ ಸರಿಯೇ. ಒಳ್ಳೆಯ ಕೈಯಲ್ಲೂ ಇದು ಕೆಲವೊಮ್ಮೆ ಕೈಕೊಡುತ್ತದೆ.

ಮುಟ್ಟು ನಿಂತು ಎರಡು ವಾರವಾಗುವುದರೊಳಗೆ ಆಸ್ಪತ್ರೆಗೆ ಬರಬೇಕು ಎಂದು ಆಪರೇಷನ್ ಮಾಡಿದವರು ಹೇಳಿ ಕಳುಹಿಸಬೇಕು. ತಡವಾದರೆ ಅಪಾಯ ಜೀವಕ್ಕೆ. ಆಪರೇಷನ್ ಬಳಿಕ ನಿಂತ ಗರ್ಭಗಳಲ್ಲಿ ಸುಮಾರು ಮೂರನೇ ಒಂದು ಭಾಗ ನಾಳದಲ್ಲೇ ಬೆಳೆದಿದ್ದವೆಂದು ಅದೇ ಅಧ್ಯಯನ ಹೇಳುತ್ತದೆ. ಅರ್ಧ ತೆರೆದ ದಾರಿಯಲ್ಲಿ ವೀರ್ಯಾಣು ನುಸುಳುತ್ತದೆ, ಅದಕ್ಕಿಂತ ಎಷ್ಟೋ ದೊಡ್ಡದಾದ ಭ್ರೂಣ ಗರ್ಭಕೋಶಕ್ಕೆ ಇಳಿಯಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಿಬ್ಬೊಟ್ಟೆಯ ಒಂದು ಬದಿ ನೋವು, ಸ್ವಲ್ಪ ಸ್ವಲ್ಪವೇ ರಕ್ತ, ತಲೆಸುತ್ತು, ಕೆಲವರಿಗೆ ಭುಜದ ತುದಿಯಲ್ಲೂ ನೋವು. ಆಪರೇಷನ್ ಆದವಳಿಗೆ ಗರ್ಭವೆಲ್ಲಿಯದು ಎಂದು ಮನೆಯವರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಕೆಲವೊಮ್ಮೆ ವೈದ್ಯರೂ ಹಾಗೇ ಯೋಚಿಸುತ್ತಾರೆ. ಮೂತ್ರ ಪರೀಕ್ಷೆಯಲ್ಲಿ ಗರ್ಭವೆಂದು ಬಂದರೆ ಅದು ಗರ್ಭಕೋಶದ ಒಳಗಿದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡುವ ತನಕ ಸುಮ್ಮನಿರಬಾರದು. ವೈಫಲ್ಯಕ್ಕೆ ಸರ್ಕಾರದ ಪರಿಹಾರ ಈಗ 60 ಸಾವಿರ ರೂಪಾಯಿ, ಗೊತ್ತಾದ 90 ದಿನದೊಳಗೆ ಅರ್ಜಿ ಕೊಡಬೇಕು. ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರ ಕಳೆದುಕೊಂಡವರು ಇಲ್ಲಿ ಅಲೆದಾಡುತ್ತಾರೆ.

ಮುಚ್ಚಿದ ನಾಳವನ್ನು ಮತ್ತೆ ಸೇರಿಸುವ ಮರುಜೋಡಣೆಯ ಮಾತಿಗೆ ಬರೋಣ. ಪಾವಗಡ ತಾಲ್ಲೂಕಿನ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. 23ರ ವಯಸ್ಸಿನಲ್ಲಿ, ಎರಡನೇ ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಉಂಗುರ ಹಾಕಿಸಿಕೊಂಡಿದ್ದಾಳೆ. ಎಂಟು ವರ್ಷದ ನಂತರ ಮಗ ಕೃಷಿ ಹೊಂಡದಲ್ಲಿ ಮುಳುಗಿ ತೀರಿಕೊಂಡಿದ್ದಾನೆ. ಇಂಥ ದುಃಖ ಇಡೀ ಕರಾವಳಿಗೆ ಒಟ್ಟಿಗೆ ಬಂದಾಗ, ಅಂದರೆ 2004ರ ಸುನಾಮಿಯ ನಂತರ, ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮರುಜೋಡಣೆಗೆ ತಮಿಳುನಾಡು ಸರ್ಕಾರವೇ ನೆರವು ಕೊಟ್ಟಿತ್ತು.

ಬೆಂಗಳೂರಿನ ಆಸ್ಪತ್ರೆಗೆ ಹೊರಡುವ ಮುನ್ನ ಇವಳ ಕೈಯಲ್ಲಿರಬೇಕಾದದ್ದು ಹಳೆಯ ಡಿಸ್ಚಾರ್ಜ್ ಚೀಟಿ. ಆರೋಗ್ಯವಂತ ನಾಳದ ಉದ್ದ 10ರಿಂದ 12 ಸೆಂಟಿಮೀಟರ್. ಉಂಗುರದೊಳಗಿನ ಮಡಿಕೆ ರಕ್ತವಿಲ್ಲದೆ ಕೊಳೆತುಹೋದಾಗ ಎರಡು ಮೂರು ಸೆಂಟಿಮೀಟರ್ ಹೋಗುತ್ತದೆ. ಕಟ್ಟಿ ಕತ್ತರಿಸುವ ವಿಧಾನದಲ್ಲಿ ಇನ್ನೂ ಕೊಂಚ ಹೆಚ್ಚು. ಜಾಲರಿ ತುದಿಯನ್ನೇ ಕತ್ತರಿಸಿದ್ದರೆ ಜೋಡಿಸಿ ಬಹಳ ಪ್ರಯೋಜನವಿಲ್ಲ. ಜೋಡಿಸಿದ ಮೇಲೆ ಕನಿಷ್ಠ ನಾಲ್ಕು ಸೆಂಟಿಮೀಟರ್ ಆದರೂ ಉಳಿಯಬೇಕು.

ಮೊದಲ ಪರೀಕ್ಷೆ ಅವಳದ್ದಲ್ಲ, ಗಂಡನ ವೀರ್ಯದ್ದು. ಅಲ್ಲೇ ಕೊರತೆ ಇದ್ದರೆ ಹೊಟ್ಟೆ ತೆರೆಯುವುದು ವ್ಯರ್ಥ. ಆಮೇಲೆ ಅವಳ ಅಂಡಾಶಯದಲ್ಲಿ ಅಂಡಗಳ ದಾಸ್ತಾನು ಎಷ್ಟಿದೆಯೆಂದು ನೋಡುತ್ತಾರೆ. ಎರಡೂ ಸರಿಯಿದ್ದರೆ ಲ್ಯಾಪ್ರೋಸ್ಕೋಪ್‌ನಿಂದ ನಾಳವನ್ನು ಕಣ್ಣಾರೆ ಕಂಡು ತೀರ್ಮಾನಿಸುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಗಾಯಗಟ್ಟಿದ ತುದಿಗಳನ್ನು ಸವರಿ, ಗರ್ಭಕೋಶದ ಕಡೆಯಿಂದ ನೀಲಿ ಬಣ್ಣದ ದ್ರವ ತಳ್ಳಿ ದಾರಿ ತೆರೆದಿದೆಯೇ ಎಂದು ನೋಡುತ್ತಾರೆ. ನಂತರ ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಿಂದ ಸುತ್ತ ನಾಲ್ಕು ಹೊಲಿಗೆ ಹಾಕಿ ಎರಡೂ ತುದಿಗಳ ರಂಧ್ರ ಎದುರುಬದುರಾಗಿ ಕೂರುವಂತೆ ಜೋಡಿಸುತ್ತಾರೆ. ಉಂಗುರ ಬೀಳುವುದು ಸಾಮಾನ್ಯವಾಗಿ ನಾಳದ ಕಿರಿದಾದ ಭಾಗದಲ್ಲಿ. ಆಗ ಎರಡೂ ತುದಿಗಳ ಅಗಲ ಒಂದೇ ಇರುತ್ತದೆ, ಅದು ಅವಳ ಅದೃಷ್ಟ. ಕಿರಿದಾದ ತುದಿಯನ್ನು ಅಗಲವಾದದ್ದಕ್ಕೆ ಹೊಂದಿಸಬೇಕಾದರೆ ಫಲಿತಾಂಶ ಇಳಿಯುತ್ತದೆ.

35ರೊಳಗಿನವರಲ್ಲಿ, ಒಳ್ಳೆಯ ಕೈಯಲ್ಲಿ, ನೂರಕ್ಕೆ 60ರಿಂದ 80 ಮಂದಿಗೆ ಗರ್ಭ ನಿಲ್ಲುತ್ತದೆ. 40 ದಾಟಿದರೆ ಇದು ಅರ್ಧದಷ್ಟಕ್ಕೆ ಬೀಳುತ್ತದೆ. ನಾಳ ತೆರೆಯಿತು ಎಂಬುದನ್ನೇ ಯಶಸ್ಸೆಂದು ಹೇಳುವ ಜಾಹೀರಾತುಗಳೂ ಇವೆ. ಕೇಳಬೇಕಾದದ್ದು ಆ ವೈದ್ಯರ ಬಳಿ ಎಷ್ಟು ಹೆರಿಗೆಗಳಾದವು ಎಂದು. ನಾಳ ಸೇರಿದ ಜಾಗದಲ್ಲಿ ಮತ್ತೆ ಗರ್ಭ ಸಿಕ್ಕಿಕೊಳ್ಳುವ ಅಪಾಯ ಇಲ್ಲೂ ಉಂಟು, ನೂರಕ್ಕೆ ಎರಡರಿಂದ ಏಳರಷ್ಟು. ಹಾಗಾಗಿ ಮುಟ್ಟು ನಿಂತೊಡನೆ ಸ್ಕ್ಯಾನ್ ಇವಳಿಗೂ ತಪ್ಪುವಂತಿಲ್ಲ.

ಪ್ರನಾಳ ಶಿಶು ಚಿಕಿತ್ಸೆ ಇನ್ನೊಂದು ದಾರಿ. ಅಂಡ, ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವುದರಿಂದ ಅದಕ್ಕೆ ನಾಳ ಬೇಕಿಲ್ಲ. ಗಂಡನ ವೀರ್ಯ ದುರ್ಬಲವಾಗಿದ್ದರೆ, ತಾಯಿಗೆ 38 ದಾಟಿದ್ದರೆ, ನಾಳ ತೀರ ಚಿಕ್ಕದಾಗಿದ್ದರೆ ಅದೇ ಸೂಕ್ತ. ಆದರೆ ಪ್ರತಿ ಸುತ್ತಿಗೂ ಹೊಸದಾಗಿ ಹಣ ಸುರಿಯಬೇಕು. ಮರುಜೋಡಣೆ ಒಮ್ಮೆ ಫಲಿಸಿದರೆ ತಿಂಗಳು ತಿಂಗಳೂ ಅವಕಾಶ. ನಮ್ಮ 31ರ ತಾಯಿಗೆ, ಉಂಗುರದ ಆಪರೇಷನ್ ಎಂಬ ಚೀಟಿ ಸಿಕ್ಕಿ ಗಂಡನ ಪರೀಕ್ಷೆಯೂ ಸರಿ ಬಂದರೆ, ಮರುಜೋಡಣೆಯನ್ನೇ ಮೊದಲು ನೋಡುವುದು ಲೇಸು. ಆರು ತಿಂಗಳು, ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ ಎಕ್ಸ್-ರೇಯಲ್ಲಿ ಬಣ್ಣ ಹಾಯಿಸಿ ನಾಳ ಮತ್ತೆ ಮುಚ್ಚಿದೆಯೇ ಎಂದು ನೋಡಬಹುದು. ಮುಚ್ಚಿದ್ದರೂ ಪ್ರನಾಳ ಶಿಶುವಿನ ದಾರಿ ಹಿಡಿಯಲು ಅವಳಿಗೆ ಇನ್ನೂ ವಯಸ್ಸಿರುತ್ತದೆ.