ಒಂದೇ ಸಲ ಬಳಸೋ ಕಾರ್ಡ್ ನಂಬರ್ ಹೇಗೆ ಮಾಡ್ಕೊಳ್ಳೋದು?

ಬಸವನಗುಡಿಯಿಂದ ಒಬ್ರು ಕೇಳಿದ್ದಾರೆ: "ಹೆಸರೇ ಕೇಳಿರದ ಸೈಟಲ್ಲಿ ಒಂದು ಸೀರೆ ನೋಡಿದೀನಿ, ನನ್ನ ಡೆಬಿಟ್ ಕಾರ್ಡ್ ನಂಬರ್ ಅಲ್ಲಿ ಹಾಕೋಕೆ ಭಯ. ಆ ಒಂದು ಸಲಕ್ಕೆ ಮಾತ್ರ ಬೇರೆ ನಂಬರ್ ಮಾಡ್ಕೋಬಹುದಂತೆ, ಹೇಗೆ?"

ಮಾಡ್ಕೋಬಹುದು, ನಿಮ್ಮ ಬ್ಯಾಂಕ್ ಆ ಸೌಲಭ್ಯ ಕೊಡ್ತಿದ್ರೆ. ನೆಟ್‌ಬ್ಯಾಂಕಿಂಗಲ್ಲೋ ಆ್ಯಪಲ್ಲೋ ಕಾರ್ಡ್‌ಗಳ ವಿಭಾಗದಲ್ಲಿ ವರ್ಚುವಲ್ ಕಾರ್ಡ್ ಅಂತ ಇದ್ಯಾ ನೋಡಿ, ಆದ್ರೆ ಅದನ್ನ ಒತ್ತೋ ಮುಂಚೆ ಸೀರೆ ಸೈಟಿಗೆ ಹೋಗಿ ವಿಳಾಸ ಎಲ್ಲಾ ತುಂಬಿ ಹಣ ಕಟ್ಟೋ ಪುಟದ ತನಕ ಬನ್ನಿ, ಯಾಕಂದ್ರೆ ಈ ಕಾರ್ಡಿಗೆ ಎಷ್ಟು ಮೊತ್ತದ ತನಕ ಅಂತ ನೀವೇ ಮಿತಿ ಹಾಕ್ಬೇಕು, ಇಲ್ಲೇ ಎಡವೋದು ಜಾಸ್ತಿ. ಮಲ್ಲೇಶ್ವರದಲ್ಲಿರೋ ನಮ್ಮ ಅತ್ತಿಗೆ ಸೀರೆ ಬೆಲೆ 1,840 ಅಂತ ನೋಡಿ ಅಷ್ಟಕ್ಕೇ ಕಾರ್ಡ್ ಮಾಡ್ಕೊಂಡ್ರು, ಕೊನೇ ಪುಟದಲ್ಲಿ ಡೆಲಿವರಿ 90 ಸೇರಿ 1,930 ಆಯ್ತು, ಪೇಮೆಂಟ್ ಫೇಲ್. ಬ್ಯಾಂಕ್ ಮಿತಿ ದಾಟಿದ ಮೊತ್ತಾನ ಅಷ್ಟೋ ಇಷ್ಟೋ ಕೊಟ್ಟು ಕಳಿಸಲ್ಲ, ಇಡೀ ಕೋರಿಕೇನೇ ತಿರಸ್ಕರಿಸುತ್ತೆ. ಅತ್ತಿಗೆ ಆ ಕಾರ್ಡ್ ರದ್ದು ಮಾಡಿ 1,930ಕ್ಕೆ ಹೊಸದು ಮಾಡ್ಕೊಂಡ್ರು, ಆಗ ಹೋಯ್ತು.

ಕೊನೇ ಮೊತ್ತ ಗೊತ್ತಾದ ಮೇಲೆ ಕೆಲಸ ಸಲೀಸು. ಯಾವ ಖಾತೆಯಿಂದ ಹಣ ಹೋಗ್ಬೇಕು ಅಂತ ಆರಿಸಿ, ಮಿತಿ ಹಾಕಿ, ಫೋನಿಗೆ ಬರೋ ಒಟಿಪಿ ಕೊಟ್ರೆ 16 ಅಂಕಿಯ ನಂಬರು, ಅವಧಿ, ಸಿವಿವಿ ಸ್ಕ್ರೀನ್ ಮೇಲೆ ಬರುತ್ತೆ. ಅಂಗಡಿಯವರಿಗೆ ಅದು ಮಾಮೂಲಿ ಕಾರ್ಡ್ ಥರಾನೇ ಕಾಣೋದು, ಮೊದಲ ಅಂಕಿಗಳು ಯಾವ ಬ್ಯಾಂಕು ಅಂತ ಹೇಳುತ್ತವೆ, ಆದ್ರೆ ಆ ನಂಬರಿಂದ ನಿಮ್ಮ ಖಾತೆ ಯಾವುದು ಅಂತ ಗೊತ್ತಿರೋದು ಬ್ಯಾಂಕಿಗೆ ಮಾತ್ರ. ಕೆಲವು ಬ್ಯಾಂಕಲ್ಲಿ ಅಷ್ಟು ದುಡ್ಡು ಖಾತೆಯಲ್ಲೇ ಹಿಡಿದಿಟ್ಟಿರ್ತಾರೆ, ಖರೀದಿ ಆಗದೇ ಅವಧಿ ಮುಗಿದ್ರೆ ಬಿಟ್ಟುಕೊಡ್ತಾರೆ. ಒಂದು ಪೇಮೆಂಟ್ ಪಾಸಾದ ತಕ್ಷಣ ನಂಬರ್ ಮುಚ್ಚಿಹೋಗುತ್ತೆ, ಆಮೇಲೆ ಯಾರು ಕದ್ದು ಹಾಕಿದ್ರೂ ಓಡಲ್ಲ.

ಇದರಲ್ಲೇ ಇನ್ನೊಂದು ತೊಡಕಿದೆ. ಕೆಲವು ಸೈಟ್‌ಗಳು ಕಾರ್ಡ್ ನಿಜಾನಾ ಅಂತ ನೋಡೋಕೆ ಮೊದಲು ಒಂದೆರಡು ರೂಪಾಯಿ ಎಳೆದು ವಾಪಸ್ ಕೊಡ್ತವೆ, ನಿಮ್ಮ ಆ 'ಒಂದು ಸಲ' ಅದಕ್ಕೇ ಖರ್ಚಾಗಿ ಅಸಲಿ ಪೇಮೆಂಟ್ ನಿಂತುಬಿಡಬಹುದು. ಚಿಕ್ಕ ಮೊತ್ತದ ಎಸ್ಸೆಮ್ಮೆಸ್ ಬಂದು ದೊಡ್ಡದು ಫೇಲಾದ್ರೆ ಇದೇ ಅಂದ್ಕೊಳ್ಳಿ. ತಿಂಗಳು ತಿಂಗಳು ಕಟ್ಟೋ ಚಂದಾಕ್ಕೂ ಇದು ಆಗಲ್ಲ. ಮತ್ತೆ ಸೀರೇನೇ ಬರ್ಲಿಲ್ಲ ಅಂದ್ರೆ ಆ 1,930ನ ಈ ಕಾರ್ಡ್ ಕಾಪಾಡಲ್ಲ, ಕಾಪಾಡೋದು ಖಾತೇಲಿ ಉಳಿದಿರೋದನ್ನ.

ಸೀರೆ ವಾಪಸ್ ಕಳಿಸಿದ್ರೆ ಹಣ ಆ ಮುಚ್ಚಿದ ನಂಬರಿಗೇ ಬರುತ್ತೆ, ಬ್ಯಾಂಕ್ ಅದನ್ನ ನಿಮ್ಮ ಖಾತೆಗೆ ಸೇರಿಸಬೇಕು. ಅದು ತಡ ಆದ್ರೆ ಕೇಳೋಕೆ ಬೇಕಾಗುತ್ತೆ, ಹಾಗಾಗಿ ನಂಬರಿನ ಕೊನೇ 4 ಅಂಕಿ, ತಾರೀಖು, ಮೊತ್ತ ಈ ಮೂರನ್ನ ಆವತ್ತೇ ಬರೆದಿಟ್ಕೊಳ್ಳಿ.