ಪಾಲುಪಟ್ಟೀಲಿ ‘ಈ ದಿನ’ ಅಂತ ಬರೆದ್ರೆ ಏನಾಗತ್ತೆ

ಚಿಂತಾಮಣಿ ಕಡೆ ನಂಗೊತ್ತಿರೋ ಒಂದ್ ಮನೇಲಿ 1998ರಲ್ಲಿ ಅಪ್ಪ, ಇಬ್ರು ಗಂಡುಮಕ್ಕಳು ಊರ ಹಿರಿಯರ ಮುಂದೆ ಕೂತು ಪಿತ್ರಾರ್ಜಿತ 3 ಎಕರೇನ ತಲಾ ಒಂದೊಂದು ಎಕರೆ ಅಂತ ಹಂಚ್ಕೊಂಡು ಪಾಲುಪಟ್ಟಿ ಬರೆದ್ರು. ಬಿಳಿ ಹಾಳೆ, ಸಾಕ್ಷಿಗಳ ಹೆಬ್ಬೆಟ್ಟು, ಎಲ್ಲ ಇದೆ. ಅಕ್ಕನ ಹೆಸ್ರು ಮಾತ್ರ ಇಲ್ಲ. ಅವರಿಗೆ 1991ರಲ್ಲೇ ಮದುವೆ ಆಗಿತ್ತು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ ಹೆಣ್ಮಕ್ಕಳಿಗೆ ಪಾಲು ಕೊಟ್ರೂ ಅದಕ್ಕೆ ಮೊದ್ಲು ಮದುವೆ ಆದವ್ರನ್ನ ಹೊರಗಿಟ್ಟಿತ್ತು.

ಆಮೇಲೆ 2005ರ ಕೇಂದ್ರ ತಿದ್ದುಪಡಿ ಬಂದು ಆ ಮದುವೆ ಷರತ್ತೇ ಹೋಯ್ತು. ಹಳೇ ವಿಭಾಗ ಉಳೀಬೇಕಂದ್ರೆ 20-12-2004ಕ್ಕೆ ಮೊದ್ಲೇ ರಿಜಿಸ್ಟರ್ ಆಗಿರ್ಬೇಕು, ಇಲ್ಲ ಕೋರ್ಟ್ ಡಿಕ್ರಿ ಇರ್ಬೇಕು. 2020ರ ವಿನೀತಾ ಶರ್ಮ ತೀರ್ಪಲ್ಲಿ ಸುಪ್ರೀಂ ಕೋರ್ಟು, ಬಾಯಿಮಾತಿನ ಭಾಗ ಅಂದ್ರೆ ಸುಲಭಕ್ಕೆ ಒಪ್ಪಲ್ಲ, ಸರ್ಕಾರಿ ದಾಖಲೆ ಬೆನ್ನಿಗಿದ್ರೆ ಅಪರೂಪಕ್ಕೆ ನೋಡ್ತೀವಿ ಅಂತು. ಈ ಮನೆಯ ಪಹಣಿ ಇವತ್ತಿಗೂ ಅಪ್ಪನ ಹೆಸ್ರಲ್ಲೇ ಇದೆ, ಅಪ್ಪ 2012ರಲ್ಲೇ ತೀರ್ಕೊಂಡ್ರು, ಅಮ್ಮ ಮೊದ್ಲೇ ಇಲ್ಲ. ಹಳೇ ಭಾಗ ನಿಂತ್ರೆ ಅಕ್ಕ ಕೈಚಾಚ್ಬೋದಾಗಿದ್ದು ಅಪ್ಪನ ಒಂದ್ ಎಕರೆಗೆ ಮಾತ್ರ, ನಿಲ್ದಿದ್ರೆ ಮೂವರಿಗೂ 40-40 ಗುಂಟೆ.

ಇನ್ನು ಆ ಹಾಳೇಲಿರೋ ಬರವಣಿಗೆ ನೋಡಿ: ‘ಈ ದಿನ ಈ ಕೆಳಕಂಡಂತೆ ವಿಭಾಗ ಮಾಡಿಕೊಂಡಿರುತ್ತೇವೆ’. ಇಲ್ಲೇ ಎಡವಟ್ಟು. ಹಿಂದೆ ಬಾಯಿಮಾತಲ್ಲಿ ಭಾಗ ಆಗಿ ಅವರವರು ಉಳ್ತಾ ಇದ್ದು, ಬರೀ ನೆನಪಿಗೆ ಅಂತ ಬರೆದಿದ್ರೆ ರಿಜಿಸ್ಟ್ರೇಷನ್ ಬೇಡ ಅಂತ 1976ರ ಕಾಳೆ ಕೇಸಲ್ಲೇ ಹೇಳಿದಾರೆ. ಆದ್ರೆ ‘ಈ ದಿನ’ ಅಂದ್ರೆ ಆ ಹಾಳೇನೇ ಹಕ್ಕು ಕೊಡ್ತಿದೆ ಅಂತಾಗತ್ತೆ, ರಿಜಿಸ್ಟರ್ ಆಗ್ದಿದ್ರೆ ಭಾಗಕ್ಕೆ ಸಾಕ್ಷಿ ಆಗಲ್ಲ, ಸ್ಟಾಂಪೂ ಸಾಲ್ದಿದ್ರೆ ಬಾಕಿ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟೋವರ್ಗೂ ಕೋರ್ಟು ಓದೋದೇ ಇಲ್ಲ. ಇದನ್ನ ತಿಳ್ಕೊಂಡು ಈಗಿನವ್ರು ನಿನ್ನೆ ಹಂಚ್ಕೊಂಡಿದ್ದನ್ನೂ ‘ಹತ್ತು ವರ್ಷದ ಹಿಂದೆ’ ಅಂತ ಬರೆಸ್ತಾರೆ. ಪಾಟೀಸವಾಲಲ್ಲಿ ಪಹಣಿ, ಕಂದಾಯ ರಸೀದಿ ಕೇಳಿದ್ರೆ ಮುಗೀತು.

ನಂಗಂತೂ ಈ ಕಳ್ಳಾಟ ಲೆಕ್ಕಕ್ಕೇ ಬರಲ್ಲ. ನಮ್ಮಲ್ಲಿ ವಿಭಾಗ ಪತ್ರಕ್ಕೆ ಜಮೀನಿನ ಬೆಲೆ ಮೇಲಲ್ಲ, ಪಾಲಿಗಿಷ್ಟು ಅಂತ ಸ್ಟಾಂಪು. ಕೃಷಿ ಜಮೀನಿಗೆ ಪಾಲಿಗೆ 250 ಇದ್ದಿದ್ದು 2024ರಲ್ಲಿ 1000 ಆಯ್ತು, ಅಂದ್ರೆ ಇವರಿಗೆ ಮೂರು ಪಾಲಿಗೆ 3000, ರಿಜಿಸ್ಟ್ರೇಷನ್ ಫೀ ಬೇರೆ.

ಕೊನೆಗೆ ಇವರು ಒಬ್ಬೊಬ್ಬರ ಪಾಲನ್ನ ಅಳೆದು ಗುರುತಿಸೋ ಸರ್ವೆಯ 11ಇ ನಕ್ಷೆ ಮಾಡ್ಸಿ ಹೊಸ ವಿಭಾಗ ಪತ್ರಾನೇ ರಿಜಿಸ್ಟರ್ ಮಾಡ್ಸಿದ್ರು. 1998ರ ಚೀಟೀನ ಮುಚ್ಚಿಡ್ಲಿಲ್ಲ, ಅದರ ಬಗ್ಗೆ ಅಕ್ಕನ ತಕರಾರಿತ್ತು, ರಾಜಿಯಾಗಿ ಅದನ್ನ ಕೈಬಿಟ್ಟಿದೀವಿ ಅಂತ ಪೀಠಿಕೇಲೇ ಬರೆಸಿದ್ರು, ವಯಸ್ಸಿಗೆ ಬಂದ ಮೊಮ್ಮಕ್ಕಳ ಸಹೀನೂ ತಗೊಂಡ್ರು. ಮೂರ್ ವಾರ ಎಳೆದಿದ್ದು ಎಕರೆ ಅಲ್ಲ, ತಮ್ಮನ ಪಾಲಿಗೆ ಬಿದ್ದ ಬೋರ್‌ವೆಲ್. ಅಕ್ಕಂಗೆ ವಾರಕ್ಕೆ ಎರಡು ದಿನ ನೀರು, ಬದುವಿನ ಮೇಲೆ ಗಾಡಿ ದಾರಿ ಅಂತ ಷೆಡ್ಯೂಲಲ್ಲಿ ಸೇರಿಸಿದ್ಮೇಲೇನೇ ಅವರು ಸಹಿ ಹಾಕಿದ್ದು.